ನೂರು ರೂಪಾಯಿ ವ್ಯಾಪಾರಕ್ಕೆ ಐವತ್ತು ಪೈಸೆ: ಮಾರ್ಚ್ 15ರ ಮುಂಗಡ ತೆರಿಗೆಗೆ ಅಂಗಡಿಯಲ್ಲೇ ಹಣ ಕೂಡಿಸುವ ಬಗೆ

ಮಾರ್ಚ್ ಎರಡನೇ ವಾರ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಅಂಗಡಿಗಳ ಲೆಕ್ಕ ನೋಡಿ ರಿಟರ್ನ್ ತುಂಬುವುದು ನನ್ನ ಕೆಲಸ. "ಆಡಿಟರೇ, ತೆರಿಗೆ ಎಷ್ಟು ಬರುತ್ತದೆ?" ಎಂದು ಕೇಳುವವರು ಕಡಿಮೆ. ಮೊತ್ತ ಹೇಳಿದ ಮೇಲೆ "ಇಷ್ಟು ದುಡ್ಡನ್ನು ಈಗ ಎಲ್ಲಿಂದ ತರಲಿ?" ಎಂದು ಕೇಳುವವರೇ ಹೆಚ್ಚು. ದುಡ್ಡು ಅವರ ಕೈಗೆ ಬರಲಿಲ್ಲವೆಂದಲ್ಲ, ಬಂದು ಹೋಗಿರುತ್ತದೆ. ಸರಕಾಗಿ ಗೋದಾಮಿನಲ್ಲಿ ಕುಳಿತಿರುತ್ತದೆ, ಇಲ್ಲವೇ ಉದ್ದರಿಯಾಗಿ ಊರ ತುಂಬ ಹರಡಿರುತ್ತದೆ.

ಸೆಕ್ಷನ್ 44ಎಡಿ ಪ್ರಕಾರ ತೆರಿಗೆ ಕಟ್ಟುವ ವ್ಯಾಪಾರಿಗೆ ಮಾತ್ರ ಇಲ್ಲೊಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಬಹಳ ಕಡಿಮೆ. ಈ ಪದ್ಧತಿಯಲ್ಲಿ ಲಾಭವನ್ನು ಮಾರಾಟದಿಂದಲೇ ಅಂದಾಜು ಮಾಡುತ್ತಾರೆ. ಆದ್ದರಿಂದ ತೆರಿಗೆ ಎಷ್ಟಾಗಬಹುದೆಂದು ತಿಳಿಯಲು ವರ್ಷಾಂತ್ಯದ ಲಾಭ-ನಷ್ಟದ ಪಟ್ಟಿ ಬೇಕಿಲ್ಲ. ಇಂದಿನ ಮಾರಾಟ ಎಷ್ಟೆಂದು ಗೊತ್ತಿದ್ದರೆ ಇಂದಿನ ಪಾಲಿನ ತೆರಿಗೆಯೂ ಗೊತ್ತಾಗುತ್ತದೆ, ಅದನ್ನು ಇಂದೇ ಬದಿಗಿಡಬಹುದು. ಅದನ್ನು ಮಾಡುವುದು ಹೇಗೆ ಎನ್ನುವುದಷ್ಟೇ ಈ ಲೇಖನದ ವಿಷಯ. ಒಬ್ಬರೇ ಮಾಲೀಕರಾಗಿ ನಡೆಸುವ ಅಂಗಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು: ಈ ಪದ್ಧತಿ ನಿಮಗೆ ಹೊಂದುತ್ತದೆಯೇ?

ವರ್ಷದ ವಹಿವಾಟು 2 ಕೋಟಿ ರೂಪಾಯಿ ಮೀರದ ವ್ಯಾಪಾರಿ 44ಎಡಿ ಆಯ್ದುಕೊಳ್ಳಬಹುದು. ನಗದಾಗಿ ಬಂದ ಹಣ ಒಟ್ಟು ವಹಿವಾಟಿನ ಶೇ 5ನ್ನು ಮೀರದಿದ್ದರೆ ಈ ಮಿತಿ 3 ಕೋಟಿ. ನಗದಿನ ಮಾರಾಟದ ಮೇಲೆ ಶೇ 8, ಬ್ಯಾಂಕಿನ ಮೂಲಕ ಬಂದ ಮಾರಾಟದ ಮೇಲೆ ಶೇ 6 ಲಾಭವೆಂದು ಕಾಯ್ದೆ ಎಣಿಸುತ್ತದೆ. ಬಾಡಿಗೆ, ಸಂಬಳ, ಕರೆಂಟು, ಸಾಲದ ಬಡ್ಡಿ, ಸವಕಳಿ ಎಲ್ಲವೂ ಅದರಲ್ಲೇ ಕಳೆದುಹೋಯಿತೆಂದು ಲೆಕ್ಕ. ಇನ್ನೊಮ್ಮೆ ಖರ್ಚು ತೋರಿಸುವಂತಿಲ್ಲ.

ಯಾರಿಗೆ ಹೊಂದುವುದಿಲ್ಲ ಎನ್ನುವುದನ್ನೂ ಹೇಳಬೇಕು. ಅಕ್ಕಿ, ಸಕ್ಕರೆ, ಸಿಗರೇಟಿನ ಸಗಟು ವ್ಯಾಪಾರದಂತೆ ನೂರಕ್ಕೆ ಎರಡು ಮೂರು ರೂಪಾಯಿ ಮಾತ್ರ ಉಳಿಯುವ ಕಡೆ 44ಎಡಿ ಎಂದರೆ ಬಾರದ ಲಾಭಕ್ಕೆ ತೆರಿಗೆ ಕಟ್ಟಿದ ಹಾಗೆ. ಅಂಥವರು ಲೆಕ್ಕಪುಸ್ತಕ ಇಡುವುದೇ ಮೇಲು. ಕಮಿಷನ್ ಅಥವಾ ದಲ್ಲಾಳಿ ಆದಾಯ ಇರುವವರನ್ನು ಕಾಯ್ದೆ ಹೊರಗಿಟ್ಟಿದೆ. ಅಂಗಡಿಯ ಜೊತೆಗೆ ವಿಮಾ ಏಜೆನ್ಸಿಯನ್ನೋ ಮಂಡಿಯ ದಲ್ಲಾಳಿಯನ್ನೋ ಇಟ್ಟುಕೊಂಡವರು ರಿಟರ್ನ್ ತುಂಬುವ ಮೊದಲು ಇದನ್ನು ತಮ್ಮ ಆಡಿಟರ್ ಮುಂದೆ ಬಾಯಿಬಿಟ್ಟು ಹೇಳಬೇಕು, ಎಷ್ಟೋ ಜನ ಹೇಳುವುದೇ ಇಲ್ಲ. ಎಲ್‌ಎಲ್‌ಪಿಗಳಿಗೂ ಈ ಬಾಗಿಲು ಮುಚ್ಚಿದೆ.

ಇನ್ನೊಂದು ಗಂಟಿದೆ. ಒಂದು ವರ್ಷ ಈ ಪದ್ಧತಿಗೆ ಬಂದವರು ಮುಂದಿನ ಐದು ವರ್ಷಗಳೊಳಗೆ "ಈ ಸಲ ಲಾಭ ಕಡಿಮೆ" ಎಂದು ಇದರಿಂದ ಹೊರಬಿದ್ದರೆ, ಆಮೇಲೆ ಐದು ವರ್ಷ ಮತ್ತೆ ಒಳಗೆ ಬರುವಂತಿಲ್ಲ. ಆ ಅವಧಿಯಲ್ಲಿ ಆದಾಯ ತೆರಿಗೆಯ ಮೂಲ ಮಿತಿ ದಾಟಿದರೆ ಲೆಕ್ಕಪುಸ್ತಕವನ್ನೂ ಇಡಬೇಕು, ಆಡಿಟ್ ಕೂಡ ಮಾಡಿಸಬೇಕು. ಆದ್ದರಿಂದ ಈ ನಿರ್ಧಾರವನ್ನು ಏಪ್ರಿಲ್‌ನಲ್ಲೇ ಮಾಡಿ. ಅದಕ್ಕೆ ಮುಂಗಡ ತೆರಿಗೆಯ ಕಾರಣವೂ ಇದೆ. ಸಾಮಾನ್ಯ ವ್ಯಾಪಾರಿ ಮುಂಗಡ ತೆರಿಗೆಯನ್ನು ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15 ಮತ್ತು ಮಾರ್ಚ್ 15 ಎಂದು ನಾಲ್ಕು ಕಂತುಗಳಲ್ಲಿ ಕಟ್ಟಬೇಕು. 44ಎಡಿಯವರಿಗೆ ಮಾರ್ಚ್ 15 ಒಂದೇ ಗಡುವು, ಅಂದಿಗೆ ಇಡೀ ಮೊತ್ತ. ವರ್ಷವಿಡೀ 44ಎಡಿ ಎಂದುಕೊಂಡು ಸುಮ್ಮನಿದ್ದು, ಫೆಬ್ರವರಿಯಲ್ಲಿ ಮನಸ್ಸು ಬದಲಿಸಿದರೆ ತಪ್ಪಿಹೋದ ಮೂರು ಕಂತುಗಳಿಗೂ ಬಡ್ಡಿ ಬೀಳುತ್ತದೆ.

ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ

ಸಿಮೆಂಟು, ಪೈಪು, ಬಣ್ಣ, ಮೊಳೆ ಮಾರುವ ಒಂದು ಅಂಗಡಿಯನ್ನು ತೆಗೆದುಕೊಳ್ಳೋಣ. ವರ್ಷ 2025-26. ಮಾಲೀಕರು ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ. ಇಂದು ಬೇರೆ ಹೇಳದಿದ್ದರೆ ಎಲ್ಲರೂ ಅದರಲ್ಲೇ ಇರುತ್ತಾರೆ.

ಮಾರ್ಚ್ 10ರ ಸಂಜೆ ಕುಳಿತು ಅವರು ಎರಡು ಮೊತ್ತ ತೆಗೆಯುತ್ತಾರೆ. ಏಪ್ರಿಲ್‌ನಿಂದ ಫೆಬ್ರವರಿವರೆಗಿನ ಹನ್ನೊಂದು ತಿಂಗಳ ಮಾರಾಟ 1.74 ಕೋಟಿ. ಅದರಲ್ಲಿ ಯುಪಿಐ, ಕಾರ್ಡ್, ಬ್ಯಾಂಕ್ ವರ್ಗಾವಣೆ ಮತ್ತು ಅಕೌಂಟ್ ಪೇಯೀ ಚೆಕ್‌ನಲ್ಲಿ ಬಂದದ್ದು 1.01 ಕೋಟಿ, ನಗದು 73 ಲಕ್ಷ. ಮಾರ್ಚ್ ತಿಂಗಳು ಇನ್ನೂ ಮುಗಿದಿಲ್ಲ. ಹೋದ ಮಾರ್ಚ್ ನೋಡಿ 16 ಲಕ್ಷ ಎಂದು ಅಂದಾಜಿಸುತ್ತಾರೆ: ಬ್ಯಾಂಕಿಗೆ 9, ನಗದು 7. ಅಲ್ಲಿಗೆ ವರ್ಷದ ವಹಿವಾಟು 1.90 ಕೋಟಿ, ಅದರಲ್ಲಿ ಬ್ಯಾಂಕಿನ ಪಾಲು 1.10 ಕೋಟಿ, ನಗದಿನ ಪಾಲು 80 ಲಕ್ಷ.

ಜಿಎಸ್‌ಟಿ ಬೇರೆಯಾಗಿ ತೋರಿಸಿ ಬಿಲ್ ಕೊಡುವ ಅಂಗಡಿಯಾದ್ದರಿಂದ ಈ ಮೊತ್ತಗಳಲ್ಲಿ ಜಿಎಸ್‌ಟಿ ಸೇರಿಲ್ಲ. ಆ ಹಣ ಸರ್ಕಾರದ್ದು, ಅಂಗಡಿಯಲ್ಲಿ ನಾಲ್ಕು ದಿನ ತಂಗಿ ಹೋಗುವ ನೆಂಟ. ಕಾಂಪೊಸಿಷನ್ ಸ್ಕೀಮ್‌ನಲ್ಲಿ ಇರುವವರು ಗ್ರಾಹಕರಿಂದ ಜಿಎಸ್‌ಟಿಯನ್ನು ಬೇರೆಯಾಗಿ ವಸೂಲು ಮಾಡುವಂತಿಲ್ಲವಾದ್ದರಿಂದ ಅವರಿಗೆ ಬಂದದ್ದೆಲ್ಲ ವಹಿವಾಟೇ.

ಈಗ ಆದಾಯ. 1.10 ಕೋಟಿಗೆ ಶೇ 6ರಂತೆ 6.60 ಲಕ್ಷ. 80 ಲಕ್ಷಕ್ಕೆ ಶೇ 8ರಂತೆ 6.40 ಲಕ್ಷ. ಒಟ್ಟು 13 ಲಕ್ಷ. ಇಲ್ಲಿಗೆ ನಿಲ್ಲಿಸುವುದು ಬಹಳ ಜನ ಮಾಡುವ ತಪ್ಪು. ಮಾಲೀಕರಿಗೆ ಬ್ಯಾಂಕ್ ಠೇವಣಿಯಿಂದ 60,000 ಬಡ್ಡಿಯೂ ಬಂದಿದೆ. ತೆರಿಗೆ ಬೀಳುವುದು ಒಟ್ಟು ಆದಾಯಕ್ಕೆ, ಅಂದರೆ 13.60 ಲಕ್ಷಕ್ಕೆ.

ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. 4ರಿಂದ 8 ಲಕ್ಷದವರೆಗೆ ಶೇ 5, ಅಂದರೆ 20,000. 8ರಿಂದ 12ರವರೆಗೆ ಶೇ 10, ಅಂದರೆ 40,000. 12ರ ಮೇಲಿನ 1.60 ಲಕ್ಷಕ್ಕೆ ಶೇ 15, ಅಂದರೆ 24,000. ಕೂಡಿದರೆ 84,000. ಅದರ ಮೇಲೆ ಶೇ 4 ಸೆಸ್ 3,360. ಒಟ್ಟು 87,360. ಠೇವಣಿ ಬಡ್ಡಿಯಲ್ಲಿ ಬ್ಯಾಂಕ್ ಈಗಾಗಲೇ 6,000 ಟಿಡಿಎಸ್ ಹಿಡಿದಿದೆ, ಅದನ್ನು ಕಳೆದರೆ 81,360. ಮಾರ್ಚ್ 15ರೊಳಗೆ ಕಟ್ಟಬೇಕಾದದ್ದು ಇದು.

ಟಿಡಿಎಸ್ ಕಳೆದು ಉಳಿಯುವ ಮೊತ್ತ 10,000ಕ್ಕಿಂತ ಕಡಿಮೆ ಇದ್ದರೆ ಮುಂಗಡ ತೆರಿಗೆಯ ಗೊಡವೆಯೇ ಇಲ್ಲ, ರಿಟರ್ನ್ ತುಂಬುವಾಗ ಕಟ್ಟಿದರೆ ಸಾಕು. "ನನಗೆ ಅರವತ್ತು ದಾಟಿದೆ, ಮುಂಗಡ ತೆರಿಗೆ ಇಲ್ಲ" ಎಂದು ಒಬ್ಬ ಹಿರಿಯ ವ್ಯಾಪಾರಿ ನನ್ನೊಡನೆ ವಾದಕ್ಕೇ ಇಳಿದಿದ್ದರು. ಆ ವಿನಾಯಿತಿ ಇರುವುದು ವ್ಯಾಪಾರದ ಆದಾಯ ಇಲ್ಲದ ಹಿರಿಯ ನಾಗರಿಕರಿಗೆ. ಗಲ್ಲಾದ ಮುಂದೆ ಕೂರುವವರೆಗೆ ವಯಸ್ಸು ಲೆಕ್ಕಕ್ಕೆ ಬರುವುದಿಲ್ಲ.

ನಗದು ಮತ್ತು ಬ್ಯಾಂಕಿನ ನಡುವಿನ ಎರಡು ರೂಪಾಯಿ

ಮೇಲಿನ ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡಿ. ಅದೇ ಅಂಗಡಿ, ಅದೇ 1.90 ಕೋಟಿ, ಆದರೆ ಎಲ್ಲವೂ ಬ್ಯಾಂಕಿನ ಮೂಲಕ ಬಂತೆಂದು ಇಟ್ಟುಕೊಳ್ಳಿ. ಶೇ 6ರಂತೆ 11.40 ಲಕ್ಷ, ಬಡ್ಡಿ 60,000 ಸೇರಿ ಸರಿಯಾಗಿ 12 ಲಕ್ಷ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ 60,000ದವರೆಗೆ ರಿಯಾಯಿತಿ ಇದೆ. ಆ ಆದಾಯದ ಮೇಲಿನ ತೆರಿಗೆಯೂ 60,000ವೇ. ಅಲ್ಲಿಗೆ ಕಟ್ಟಬೇಕಾದದ್ದು ಸೊನ್ನೆ, ಬ್ಯಾಂಕ್ ಹಿಡಿದ 6,000 ಕೂಡ ವಾಪಸು ಬರುತ್ತದೆ. ಒಂದು ರೂಪಾಯಿ ಮಾರಾಟವೂ ಕಡಿಮೆಯಾಗಿಲ್ಲ, ಹಣ ಬಂದ ದಾರಿ ಮಾತ್ರ ಬೇರೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ನಗದನ್ನು ಪೂರ್ತಿ ನಿಲ್ಲಿಸುವುದು ಆಗದ ಮಾತು, ನನಗೆ ಗೊತ್ತು. ಆದರೆ ಎಷ್ಟು ಕಡಿಮೆ ಮಾಡಿದರೆ ಎಷ್ಟು ಉಳಿಯುತ್ತದೆ ಎನ್ನುವುದು ಒಂದೇ ಸಮನೆ ಏರುವ ಲೆಕ್ಕವಲ್ಲ. 80 ಲಕ್ಷ ನಗದಿನಲ್ಲಿ ಮೊದಲ 40 ಲಕ್ಷವನ್ನು ಬ್ಯಾಂಕಿಗೆ ತಿರುಗಿಸಿದರೆ ಉಳಿಯುವುದು 12,480 ಮಾತ್ರ. ಅದಾದ ಮೇಲಿನ 20 ಲಕ್ಷಕ್ಕೆ ಉಳಿತಾಯ 33,280. ಕಡೆಯ 20 ಲಕ್ಷಕ್ಕೆ 41,600. ಕಾರಣವಿಷ್ಟೆ: ಆದಾಯ 12 ಲಕ್ಷವನ್ನು ಸ್ವಲ್ಪವೇ ದಾಟಿದಾಗ, ದಾಟಿದ ಮೊತ್ತಕ್ಕಿಂತ ಹೆಚ್ಚಿನ ತೆರಿಗೆ ಬೀಳದಂತೆ ಕಾಯ್ದೆ ತಡೆ ಹಾಕಿದೆ. ಸುಮಾರು 12.70 ಲಕ್ಷದವರೆಗೆ ಈ ತಡೆ ಕೆಲಸ ಮಾಡುತ್ತದೆ. ಅದನ್ನೇ ತಿರುವಿ ಹೇಳಿದರೆ, 12ರಿಂದ 12.70 ಲಕ್ಷದ ನಡುವೆ ನೀವು ತೋರಿಸುವ ಒಂದೊಂದು ರೂಪಾಯಿ ಆದಾಯವೂ ಪೂರ್ತಿಯಾಗಿ ತೆರಿಗೆಗೇ ಹೋಗುತ್ತದೆ. ನಿಮ್ಮ ಲೆಕ್ಕ ಈ ಜಾಗದಲ್ಲಿ ಬಂದು ನಿಂತಿದ್ದರೆ, ದೊಡ್ಡ ಮೊತ್ತ ಕೊಡುವ ಇಬ್ಬರು ಮೂವರು ಕಂಟ್ರಾಕ್ಟರುಗಳನ್ನು "ನೋಟಿನ ಕಟ್ಟು ಬೇಡ, ಅಕೌಂಟಿಗೆ ಹಾಕಿ" ಎಂದು ಒಪ್ಪಿಸುವುದು ಹೊಸ ಗಿರಾಕಿ ಹುಡುಕುವುದಕ್ಕಿಂತ ಲಾಭದ ಕೆಲಸ. ಹೇಗೂ ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದನ್ನು ಕಾಯ್ದೆಯೇ ನಿಷೇಧಿಸಿದೆ.

ಇಲ್ಲಿ ಒಂದು ಭ್ರಮೆ ತುಂಬ ಓಡಾಡುತ್ತಿದೆ. ದಿನದ ನಗದನ್ನು ಸಂಜೆ ಬ್ಯಾಂಕಿಗೆ ಕಟ್ಟಿದರೆ ಅದು "ಬ್ಯಾಂಕಿನ ಹಣ" ಆಯಿತು, ಶೇ 6 ಸಾಕು ಎನ್ನುತ್ತಾರೆ. ಹಾಗಲ್ಲ. ಗಿರಾಕಿಯಿಂದ ನಿಮಗೆ ಹಣ ಹೇಗೆ ಬಂತು ಎನ್ನುವುದಷ್ಟೇ ಮುಖ್ಯ. ಪಾಸ್‌ಬುಕ್‌ನಲ್ಲಿ ನೀವೇ ಕಟ್ಟಿದ ನಗದು ನಗದೆಂದೇ ಕಾಣುತ್ತದೆ, ಅದಕ್ಕೆ ಶೇ 8. ಬೇರರ್ ಚೆಕ್‌ಗೂ ಶೇ 8. ಉದ್ದರಿ ಮಾರಾಟಕ್ಕೆ ಮಾತ್ರ ಸ್ವಲ್ಪ ಸಮಯ ಸಿಗುತ್ತದೆ. ಮಾರ್ಚ್ ಕೊನೆಗೆ ಬಾಕಿ ಉಳಿದದ್ದು ರಿಟರ್ನ್ ಸಲ್ಲಿಸುವ ಕಡೇ ದಿನದೊಳಗೆ ಬ್ಯಾಂಕಿನ ಮೂಲಕ ಬಂದರೆ ಅದಕ್ಕೂ ಶೇ 6 ಸಾಕು.

ಶೇ 6 ಮತ್ತು 8 ಎನ್ನುವುದು ಕನಿಷ್ಠ, ಅದಕ್ಕಿಂತ ಹೆಚ್ಚು ತೋರಿಸಲು ಅಡ್ಡಿಯಿಲ್ಲ. 12 ಲಕ್ಷ ಆದಾಯ ತೋರಿಸಿ ಅದೇ ವರ್ಷ 40 ಲಕ್ಷದ ನಿವೇಶನ ಕೊಂಡವರನ್ನು ಹಣದ ಮೂಲ ಕೇಳಿದರೆ "ನಾನು 44ಎಡಿ" ಎನ್ನುವುದು ಉತ್ತರವಾಗುವುದಿಲ್ಲ.

ಪೈಸೆಯ ದರ ಕಂಡುಹಿಡಿಯುವುದು

ಈಗ ಹಣ ಕೂಡಿಸುವ ವಿಷಯ. ತೆರಿಗೆ ಕಟ್ಟುವುದು ಮಾರ್ಚ್ 15ಕ್ಕೆ, ಆದ್ದರಿಂದ ಆ ಹೊತ್ತಿಗೆ ಕೈಯಲ್ಲಿ ಇರುವುದು ಹನ್ನೊಂದು ತಿಂಗಳ ಮಾರಾಟದಿಂದ ಕೂಡಿಸಿದ ಹಣ ಮಾತ್ರ. ಮಾರ್ಚ್ ಮಾರಾಟದ ತೆರಿಗೆಯನ್ನೂ ಅದೇ ಹಣದಿಂದ ಕಟ್ಟಬೇಕು. ಹಾಗಾಗಿ ಭಾಗಿಸುವುದು ವರ್ಷದ ಮಾರಾಟದಿಂದಲ್ಲ, ಹನ್ನೊಂದು ತಿಂಗಳ ಮಾರಾಟದಿಂದ. ನಮ್ಮ ಅಂಗಡಿಯಲ್ಲಿ 81,360ನ್ನು 1.74 ಕೋಟಿಯಿಂದ ಭಾಗಿಸಿದರೆ ನೂರು ರೂಪಾಯಿ ಮಾರಾಟಕ್ಕೆ ಸುಮಾರು 47 ಪೈಸೆ. ಲೆಕ್ಕಕ್ಕೆ ಸುಲಭವಾಗಲೆಂದು 50 ಪೈಸೆ ಎಂದು ಹಿಡಿಯಿರಿ. ಫೆಬ್ರವರಿ ಕೊನೆಗೆ 87,000 ಕೂಡಿರುತ್ತದೆ, ಕಟ್ಟಿದ ಮೇಲೂ 5,640 ಉಳಿಯುತ್ತದೆ.

ವರ್ಷದ ಆರಂಭದಲ್ಲಿ ಈ ದರ ಗೊತ್ತಿರುವುದಿಲ್ಲವಲ್ಲ ಎಂದರೆ, ಹೋದ ವರ್ಷದ ತೆರಿಗೆ ಮತ್ತು ಹೋದ ವರ್ಷದ ಹನ್ನೊಂದು ತಿಂಗಳ ಮಾರಾಟದಿಂದ ಶುರು ಮಾಡಿ, ಮೇಲಕ್ಕೆ ಹತ್ತಿರದ ಐದು ಪೈಸೆಗೆ ಏರಿಸಿಕೊಳ್ಳಿ. ಹೋದ ವರ್ಷ ತೆರಿಗೆಯೇ ಬಂದಿರಲಿಲ್ಲ ಎನ್ನುವವರಿಗೆ ಮಾತ್ರ ಇದು ಅಪಾಯದ ದಾರಿ. 11.90 ಲಕ್ಷ ಆದಾಯ ತೋರಿಸಿ ಸೊನ್ನೆ ತೆರಿಗೆ ಕಟ್ಟಿದ ವ್ಯಾಪಾರಿ ಈ ವರ್ಷ ಸ್ವಲ್ಪ ಚೆನ್ನಾಗಿ ವ್ಯಾಪಾರ ಮಾಡಿ 12.80 ಲಕ್ಷಕ್ಕೆ ಬಂದರೆ ತೆರಿಗೆ 74,880. ಸೊನ್ನೆಯಿಂದ ಮುಕ್ಕಾಲು ಲಕ್ಷಕ್ಕೆ ಒಂದೇ ಜಿಗಿತ. ಅಂಥವರು ಸೆಪ್ಟೆಂಬರ್ ಕೊನೆಗೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ ಅಲ್ಲಿಯವರೆಗಿನ ಮಾರಾಟಕ್ಕೆ ಶೇ 6 ಮತ್ತು 8 ಹಾಕಿ, ವರ್ಷಕ್ಕೆ ಹಿಗ್ಗಿಸಿ, ಬಡ್ಡಿ ಬಾಡಿಗೆ ಸೇರಿಸಿ 12 ಲಕ್ಷ ದಾಟುವ ಹಾಗೆ ಕಾಣುತ್ತದೆಯೇ ಎಂದು ನೋಡಲೇಬೇಕು.

ತಿಂಗಳಿಗೆ ಇಷ್ಟು ಎಂದು ಒಂದೇ ಮೊತ್ತ ಕಟ್ಟಿಕೊಳ್ಳದೆ ಮಾರಾಟದ ಮೇಲೆ ಪೈಸೆಯ ದರ ಹಾಕಲು ಹೇಳುವುದಕ್ಕೆ ಕಾರಣವಿದೆ. ಹಾರ್ಡ್‌ವೇರ್ ವ್ಯಾಪಾರ ಯುಗಾದಿಯ ಆಸುಪಾಸಿನಿಂದ ಮಳೆ ಹಿಡಿಯುವವರೆಗೆ ಜೋರು. ಆಷಾಢದಲ್ಲಿ ಗೃಹಪ್ರವೇಶವೂ ಇಲ್ಲ, ಪಾಯ ತೋಡುವವರೂ ಇಲ್ಲ. ಆಗ ತಿಂಗಳಿಗೆ 7,500 ಎತ್ತಿಡು ಎಂದರೆ ಯಾರೂ ಎತ್ತಿಡುವುದಿಲ್ಲ. ಒಂದು ತಿಂಗಳು ತಪ್ಪಿದರೆ ಅಭ್ಯಾಸವೇ ತಪ್ಪುತ್ತದೆ. ಪೈಸೆಯ ದರವಾದರೆ ಮಾರಾಟ ಕುಗ್ಗಿದ ವಾರ ತಾನೂ ಕುಗ್ಗುತ್ತದೆ.

ಸೋಮವಾರದ ಹತ್ತು ನಿಮಿಷ

ನನ್ನ ಪರಿಚಯದ ಒಬ್ಬ ವ್ಯಾಪಾರಿ ಮಾಡುವುದನ್ನು ಹಾಗೆಯೇ ಹೇಳುತ್ತೇನೆ. ಸೋಮವಾರ ಬೆಳಗ್ಗೆ ಅಂಗಡಿ ಬಾಗಿಲು ತೆಗೆದು, ದೀಪ ಹಚ್ಚಿ, ಮೊದಲ ಗಿರಾಕಿ ಬರುವುದರೊಳಗೆ ಒಂದು ಉದ್ದನೆಯ ಪುಸ್ತಕ ತೆರೆಯುತ್ತಾರೆ. ಪುಟದಲ್ಲಿ ನಾಲ್ಕೇ ಅಂಕಣ: ವಾರದ ಬ್ಯಾಂಕಿನ ಮಾರಾಟ, ವಾರದ ನಗದು ಮಾರಾಟ, ಎರಡರ ಮೊತ್ತ, ತೆರಿಗೆಗೆ ಎತ್ತಿಟ್ಟದ್ದು. ಹಿಂದಿನ ವಾರದ ಮಾರಾಟ 3,62,000 ಆಗಿದ್ದರೆ 1,810 ರೂಪಾಯಿಯನ್ನು ಮೊಬೈಲಿನಿಂದಲೇ ಬೇರೊಂದು ಉಳಿತಾಯ ಖಾತೆಗೆ ಕಳಿಸುತ್ತಾರೆ. ಆ ಖಾತೆಯ ಎಟಿಎಂ ಕಾರ್ಡ್ ಮನೆಯ ಬೀರುವಿನಲ್ಲಿದೆ. ಅದಕ್ಕೆ ಯುಪಿಐ ಜೋಡಿಸಿಲ್ಲ. ಸರಕಿನ ಲಾರಿ ಬಂದು ನಿಂತಾಗ ಕೈ ಅತ್ತ ಹೋಗದಿರಲಿ ಎಂಬ ಎಚ್ಚರ.

ಉದ್ದರಿ ಮಾರಾಟವನ್ನು ಬಿಲ್ ಹರಿದ ವಾರಕ್ಕೇ ಸೇರಿಸುತ್ತಾರೆ, ಹಣ ಬಂದ ವಾರಕ್ಕಲ್ಲ. ಇದು ಮೊದಲು ಕಷ್ಟವೆನ್ನಿಸುತ್ತದೆ: ಬಾರದ ಹಣಕ್ಕೆ ಪಾಲು ಎತ್ತಿಡುವುದು ಹೇಗೆ? ಆದರೆ ಬಿಲ್ ಆದ ದಿನವೇ ಮಾರಾಟವೆಂದು ಬರೆಯುವ ಲೆಕ್ಕದಲ್ಲಿ ವಹಿವಾಟು ಆದದ್ದು ಅಂದೇ. ಗಿರಾಕಿ ಮೂರು ತಿಂಗಳು ಸತಾಯಿಸಿದರೂ ಮಾರ್ಚ್ 15 ಕಾಯುವುದಿಲ್ಲ. ಜಿಎಸ್‌ಟಿ ರಿಟರ್ನ್‌ನಲ್ಲಿ ತೋರಿಸಿದ ಮಾರಾಟ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲೂ ಬಂದು ಕೂರುತ್ತದೆ. ಅದಕ್ಕೂ ನಿಮ್ಮ ಆದಾಯ ತೆರಿಗೆ ರಿಟರ್ನ್‌ಗೂ ತಾಳೆಯಾಗಬೇಕು.

ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಇರುವವರು ಒಂದು ನ್ಯಾಯವಾದ ಪ್ರಶ್ನೆ ಕೇಳುತ್ತಾರೆ: ಉಳಿತಾಯ ಖಾತೆಯಲ್ಲಿ ಸಣ್ಣ ಬಡ್ಡಿಗೆ ಹಣ ಮಲಗಿಸಿ, ಅತ್ತ ಓವರ್‌ಡ್ರಾಫ್ಟ್‌ಗೆ ದೊಡ್ಡ ಬಡ್ಡಿ ಕಟ್ಟುವುದು ಯಾವ ಜಾಣತನ? ಲೆಕ್ಕದ ಪ್ರಕಾರ ಅವರು ಹೇಳುವುದು ಸರಿ. ಎತ್ತಿಟ್ಟ ಹಣವನ್ನು ಓವರ್‌ಡ್ರಾಫ್ಟ್ ಖಾತೆಗೇ ಕಟ್ಟಿದರೆ ಬಡ್ಡಿ ಉಳಿಯುತ್ತದೆ. ಆದರೆ ಮಾರ್ಚ್‌ನಲ್ಲಿ ಅಷ್ಟು ಮೊತ್ತ ಮತ್ತೆ ಎತ್ತಲು ಮಿತಿಯಲ್ಲಿ ಜಾಗ ಉಳಿದಿರಬೇಕು. ವರ್ಷದಲ್ಲಿ ಒಮ್ಮೆಯಾದರೂ ಮಿತಿ ತುಂಬಿಸಿಕೊಂಡವರಾದರೆ ಈ ದಾರಿ ಬೇಡ ಎನ್ನುತ್ತೇನೆ. ತೆರಿಗೆ ಹಣ ಸರಕಾಗಿ ಗೋದಾಮಿಗೆ ಹೋಗುವುದು ಹೀಗೆಯೇ.

ಕೈಯಲ್ಲಿ ಹಣ ನಿಲ್ಲುವುದೇ ಇಲ್ಲ ಎನ್ನುವವರಿಗೆ ಇನ್ನೊಂದು ದಾರಿ ಇದೆ. ಮಾರ್ಚ್ 15 ಗಡುವೇ ಹೊರತು ಅದಕ್ಕೆ ಮೊದಲು ಕಟ್ಟಬಾರದೆಂದಿಲ್ಲ. ಜೂನ್‌ನಲ್ಲಿ 20,000, ದೀಪಾವಳಿ ವ್ಯಾಪಾರವಾದ ಮೇಲೆ 30,000 ಎಂದು ಬೇಕಾದಷ್ಟು ಸಲ ಮುಂಗಡ ತೆರಿಗೆಯೆಂದೇ ಕಟ್ಟಬಹುದು. ಒಂದೇ ತೊಡಕೆಂದರೆ, ಹೆಚ್ಚಾಗಿ ಕಟ್ಟಿದ್ದು ಬೇಕೆಂದಾಗ ವಾಪಸು ಸಿಗುವುದಿಲ್ಲ, ರಿಟರ್ನ್ ತುಂಬಿ ಮರುಪಾವತಿಗೆ ಕಾಯಬೇಕು.

ತಡವಾದರೆ ಎಷ್ಟು

ಹೆದರಿಸುವವರ ಮಾತು ಬಿಟ್ಟು ಲೆಕ್ಕ ನೋಡೋಣ. ಬಡ್ಡಿ ಲೆಕ್ಕಕ್ಕೆ 81,360ರಲ್ಲಿ ನೂರಕ್ಕಿಂತ ಕಡಿಮೆ ಇರುವುದನ್ನು ಬಿಟ್ಟು 81,300 ಎಂದು ಹಿಡಿಯುತ್ತಾರೆ.

ಮಾರ್ಚ್ 15 ತಪ್ಪಿ 31ರೊಳಗೆ ಪೂರ್ತಿ ಕಟ್ಟಿದರೆ ಅದೂ ಮುಂಗಡ ತೆರಿಗೆಯೇ. ಸೆಕ್ಷನ್ 234ಸಿ ಪ್ರಕಾರ ಶೇ 1, ಅಂದರೆ 813 ರೂಪಾಯಿ ಬಡ್ಡಿ ಮಾತ್ರ. ಏಪ್ರಿಲ್ ಹುಟ್ಟಿದರೆ ಮಾತು ಬೇರೆ. ಕಟ್ಟಬೇಕಾದ ತೆರಿಗೆಯ ಶೇ 90ರಷ್ಟನ್ನೂ ಮುಂಗಡವಾಗಿ ಕಟ್ಟದವರಿಗೆ 234ಬಿ ಬಡ್ಡಿ ಶುರುವಾಗುತ್ತದೆ: ತಿಂಗಳಿಗೆ ಶೇ 1, ತಿಂಗಳ ಒಂದೇ ದಿನ ಕಳೆದರೂ ಇಡೀ ತಿಂಗಳಿನ ಲೆಕ್ಕ. ನಮ್ಮ ವ್ಯಾಪಾರಿ ಏನೂ ಕಟ್ಟದೆ ಜುಲೈ 20ಕ್ಕೆ ರಿಟರ್ನ್ ತುಂಬುವಾಗ ಕಟ್ಟಿದರೆ ಏಪ್ರಿಲ್‌ನಿಂದ ಜುಲೈಗೆ ನಾಲ್ಕು ತಿಂಗಳು, 3,252. ಜೊತೆಗೆ ಹಳೆಯ 813. ಒಟ್ಟು 4,065.

ಅಂದರೆ ಇದು ವರ್ಷಕ್ಕೆ ಶೇ 12ರ ಸರಳ ಬಡ್ಡಿಯ ಲೆಕ್ಕ. ಆದ್ದರಿಂದ ಮಾರ್ಚ್ 14ರ ಸಂಜೆ ಗಾಬರಿಯಾಗಿ ನೂರಕ್ಕೆ ಮೂರರ ಬಡ್ಡಿಗೆ ಕೈಸಾಲ ತಂದು ತೆರಿಗೆ ಕಟ್ಟುವುದು ದಡ್ಡತನ. ಇದ್ದಷ್ಟು ಅಂದು ಕಟ್ಟಿ, ಉಳಿದದ್ದನ್ನು 31ರೊಳಗೆ ಕಟ್ಟಿ. ಅದೂ ಆಗದಿದ್ದರೆ ಒಟ್ಟು ಶೇ 90 ಮುಟ್ಟುವಷ್ಟಾದರೂ 31ರೊಳಗೆ ಹೋಗಲಿ, ಆಗ 234ಬಿ ತಟ್ಟುವುದಿಲ್ಲ.

ಮಾರ್ಚ್ ಅಂದಾಜು ತಪ್ಪಿದಾಗಲೂ ಇದೇ ದಾರಿ. 16 ಲಕ್ಷ ಎಂದುಕೊಂಡ ಮಾರ್ಚ್ ಮಾರಾಟ 24 ಲಕ್ಷವಾಯಿತು, ಹೆಚ್ಚಾದ 8 ಲಕ್ಷವೂ ನಗದಾಗಿಯೇ ಬಂತು ಎನ್ನಿ. ಆದಾಯ 64,000 ಏರಿ ತೆರಿಗೆ 9,984 ಹೆಚ್ಚಾಗುತ್ತದೆ. ಖಾತೆಯಲ್ಲಿ ಉಳಿದ 5,640ಕ್ಕೆ ಮಾರ್ಚ್ ಮಾರಾಟದಿಂದ ಎತ್ತಿಟ್ಟದ್ದನ್ನು ಸೇರಿಸಿ 31ರಂದು ಇನ್ನೊಂದು ಚಲನ್ ಕಟ್ಟಿದರೆ ಬೀಳುವ ಬಡ್ಡಿ 99 ರೂಪಾಯಿ. ಆದ್ದರಿಂದ ಮಾರ್ಚ್ 10ರ ಅಂದಾಜನ್ನು ಪೈಸೆ ಲೆಕ್ಕದಲ್ಲಿ ಸರಿಮಾಡಲು ನಿದ್ದೆಗೆಡಬೇಕಿಲ್ಲ.

ಕಟ್ಟುವ ಕ್ರಮ

incometax.gov.in ತೆರೆದರೆ ಮುಖಪುಟದಲ್ಲೇ e-Pay Tax ಇದೆ, ಲಾಗಿನ್ ಇಲ್ಲದೆಯೂ ಕಟ್ಟಬಹುದು. ಪ್ಯಾನ್ ಮತ್ತು ಮೊಬೈಲ್ ಸಂಖ್ಯೆ ಕೊಟ್ಟು ಒಟಿಪಿ ಹಾಕಿದ ಮೇಲೆ Income Tax ಎಂಬ ಚೌಕ ಆರಿಸಿ. ಆಮೇಲೆ ಬರುವ ಪುಟದಲ್ಲಿ ಎರಡೇ ಆಯ್ಕೆಗಳು ಮುಖ್ಯ, ಜನ ಎಡವುವುದೂ ಅಲ್ಲಿಯೇ.

ಒಂದು, Assessment Year. 2025-26ರ ವ್ಯಾಪಾರಕ್ಕೆ ಇಲ್ಲಿ 2026-27 ಆರಿಸಬೇಕು. ವ್ಯಾಪಾರದ ವರ್ಷವನ್ನೇ ಆರಿಸಿ, ಹಣ ಹಿಂದಿನ ವರ್ಷದ ಲೆಕ್ಕಕ್ಕೆ ಹೋಗಿ ಕೂತದ್ದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಎರಡು, Type of Payment. ಅಲ್ಲಿ Advance Tax (100) ಆರಿಸಿ. ಅದರ ಹತ್ತಿರವೇ ಇರುವ Self Assessment Tax (300) ರಿಟರ್ನ್ ತುಂಬುವಾಗಿನ ಬಾಕಿಗೆ. ಮಾರ್ಚ್‌ನಲ್ಲಿ ಕಟ್ಟಿದರೂ 300 ಎಂದು ಬಿದ್ದರೆ ಅದು ಮುಂಗಡ ತೆರಿಗೆಯೆಂದು ಕಾಣುವುದಿಲ್ಲ. ತಪ್ಪಾಗಿದ್ದರೆ ಲಾಗಿನ್ ಆಗಿ Services ಅಡಿಯ Challan Correction ಮೂಲಕ ತಿದ್ದಬಹುದು. ಅದಕ್ಕೂ ಗಡುವಿದೆ, ವರ್ಷದ ತಪ್ಪಿಗಂತೂ ದಿನಗಳು ಬಹಳ ಕಡಿಮೆ. ರಸೀದಿಯನ್ನು ಕಟ್ಟಿದ ದಿನವೇ ಓದಿ ನೋಡಿ.

2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿಯಾಗಿದೆ. ಅಲ್ಲಿಂದಾಚಿನ ವ್ಯಾಪಾರಕ್ಕೆ 44ಎಡಿಯ ಜಾಗದಲ್ಲಿ ಸೆಕ್ಷನ್ 58 ಇದೆ. ಶೇ 6 ಮತ್ತು 8ರ ಲೆಕ್ಕ ಹಾಗೆಯೇ ಮುಂದುವರಿದಿದೆ. ಅಸೆಸ್‌ಮೆಂಟ್ ವರ್ಷದ ಗೋಜು ಹೋಗಿ, ವ್ಯಾಪಾರ ಮಾಡಿದ ವರ್ಷವನ್ನೇ "ತೆರಿಗೆ ವರ್ಷ" ಎಂದು ಕರೆಯುತ್ತಾರೆ. ಹಳೆಯ ರೂಢಿಯಿಂದ ಒಂದು ವರ್ಷ ಮುಂದಿನದನ್ನು ಆರಿಸುವ ತಪ್ಪು ಇನ್ನು ಮೇಲೆ ಶುರುವಾಗುವುದು ನಿಶ್ಚಯ.

ಹಣ ಹೋದ ಮೇಲೆ ಬರುವ ಚಲನ್‌ನಲ್ಲಿ ಬಿಎಸ್‌ಆರ್ ಕೋಡ್, ಚಲನ್ ಸಂಖ್ಯೆ ಮತ್ತು ಕಟ್ಟಿದ ದಿನಾಂಕ ಇರುತ್ತವೆ. ಐಟಿಆರ್-4 ತುಂಬುವಾಗ ಈ ಮೂರೂ ಬೇಕು. ಕೆಲವು ದಿನ ಬಿಟ್ಟು ಫಾರ್ಮ್ 26ಎಎಸ್ ತೆಗೆದು ಮೊತ್ತ ನಿಮ್ಮ ಪ್ಯಾನ್‌ಗೆ ಬಂದಿದೆಯೇ ಎಂದು ನೋಡಿ. ಬ್ಯಾಂಕ್ ಹಿಡಿದ ಟಿಡಿಎಸ್ ಕೂಡ ಅಲ್ಲೇ ಕಾಣುತ್ತದೆ. ನಮ್ಮ ವ್ಯಾಪಾರಿ ಆ ಮೂರು ವಿವರಗಳನ್ನು ಸೋಮವಾರದ ಪುಸ್ತಕದ ಮಾರ್ಚ್ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿಡುತ್ತಾರೆ. ಮುಂದಿನ ಪುಟ ಏಪ್ರಿಲ್‌ನದು, ಮೊದಲ ಸಾಲಿನಲ್ಲಿ ಹೊಸ ವರ್ಷದ ಪೈಸೆಯ ದರ.